‘ಮೇಲಿನ ಎಲ್ಲವೂ’ ಮೇಷ್ಟ್ರು

ಹೈಸ್ಕೂಲಿನ ಸ್ಟಾಫ್ ರೂಮು ಅಂದಮೇಲೆ ಇಂಥ ಸಮಾಜ ಮೇಷ್ಟ್ರೊಬ್ಬರು ಇದ್ದೇ ಇರುತ್ತಾರೆ. ಪ್ರಶ್ನೆಪತ್ರಿಕೆ ತೆಗೆಯುವುದೆಂದರೆ ಇವರಿಗೆ ಖೆಡ್ಡಾ ತೋಡಿದ ಹಾಗೆ. ಎಷ್ಟು ಮಕ್ಕಳು ಬಿದ್ದರೆ ಅಷ್ಟು ‘ಸ್ಟ್ಯಾಂಡರ್ಡು’. 2021ರಲ್ಲಿ ಕೋವಿಡ್ ದೆಸೆಯಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಪೂರ್ತಿ ಬಹು ಆಯ್ಕೆ ಪ್ರಶ್ನೆಗಳಲ್ಲೇ ನಡೆಯಿತಲ್ಲ, ಅಲ್ಲಿಂದ ಇವರ ಪೆನ್ನಿಗೆ ಬಿಡುವೇ ಇಲ್ಲ.

ಮೊನ್ನೆಯ ಕಿರುಪರೀಕ್ಷೆಗೆ ಒಂದು ಪ್ರಶ್ನೆ ‘ಕಾವೇರಿ ನದಿಯು:’ ಎಂದಿತ್ತು. ಅಷ್ಟೇ. ಕೆಳಗಿನ ಆಯ್ಕೆಗಳಲ್ಲಿ ಒಂದು ಹುಟ್ಟಿದ ಜಾಗ, ಇನ್ನೊಂದು ಅಣೆಕಟ್ಟು, ಮತ್ತೊಂದು ಪಕ್ಕದ ರಾಜ್ಯ. ಗಣಿತದ ಮೇಡಂ ಆಯ್ಕೆಗಳ ಮೇಲೆ ಸ್ಕೇಲು ಇಟ್ಟು ಮುಚ್ಚಿದರು.

“ಸಾರ್, ಇಷ್ಟನ್ನೇ ಓದಿದ್ರೂ ಏನು ಕೇಳ್ತಿದೀರಿ ಅಂತ ಮಗುಗೆ ಗೊತ್ತಾಗ್ಬೇಕು. ಏನು ಕೇಳಿದೀರಿ?”

“ಕಾವೇರಿ ವಿಷಯ ಕಣಮ್ಮ!”

ಸಿಟ್ಟಿನಲ್ಲೇ ತಿದ್ದಿ ತಂದರು: ‘ಕಾವೇರಿಯ ಉಪನದಿಯಲ್ಲವೆಂದು ಹೇಳಲಾಗದ ನದಿ ಯಾವುದು?’ ಆಯ್ಕೆಗಳು ಹೇಮಾವತಿ, ಕಬಿನಿ, ಅರ್ಕಾವತಿ, ತುಂಗಭದ್ರಾ. ಕೀ ಉತ್ತರದಲ್ಲಿ ತುಂಗಭದ್ರಾಕ್ಕೆ ಗುರುತು. ಮೇಡಂ ಬೆರಳು ಮಡಿಸುತ್ತಾ ಲೆಕ್ಕ ಹಾಕಿದರು. ‘ಅಲ್ಲ’ವೂ ‘ಆಗದ’ವೂ ಒಂದನ್ನೊಂದು ಹೊಡೆದುಕೊಂಡು ಹೋದರೆ ಉಳಿಯುವುದು ಉಪನದಿಯೇ. ಹಾಗಾದರೆ ಮೊದಲ ಮೂರೂ ಸರಿ. ಮೇಷ್ಟ್ರು ಗುರುತು ಹಾಕಿದ್ದೊಂದೇ ತಪ್ಪು. ನದಿ ಗೊತ್ತಿದ್ದ ಹುಡುಗ ವಾಕ್ಯದಲ್ಲಿ ಮುಳುಗುತ್ತಾನೆ, ಪಾಪ. ಮೇಡಂ ಆಯ್ಕೆ ಮುಟ್ಟದೆ ಪ್ರಶ್ನೆಯನ್ನಷ್ಟೇ ಬದಲಿಸಿದರು: ‘ಇವುಗಳಲ್ಲಿ ಕೃಷ್ಣಾ ನದಿಯ ಉಪನದಿ ಯಾವುದು?’ ಈಗ ತುಂಗಭದ್ರಾ ನಿಜಕ್ಕೂ ಉತ್ತರ.

“ಇದು ತೀರಾ ಸಲೀಸಾಯ್ತು” ಎಂದು ಮೇಷ್ಟ್ರು ತಮ್ಮ ಬ್ರಹ್ಮಾಸ್ತ್ರ ತೆಗೆದರು. ತುಂಗಭದ್ರಾ ಹೊಡೆದುಹಾಕಿ ಅಲ್ಲಿ ‘ಮೇಲಿನ ಎಲ್ಲವೂ’ ಎಂದು ಬರೆದು, ಪ್ರಶ್ನೆಯನ್ನು ಮತ್ತೆ ಕಾವೇರಿಗೆ ತಿರುಗಿಸಿದರು. ಎರಡು ಉಪನದಿ ಗೊತ್ತಿದ್ದವನು ಮೂರನೆಯದರ ಹೆಸರೇ ಕೇಳಿರದಿದ್ದರೂ ಡಿ ಗೀಚಿ ಅಂಕ ಹೊಡೆಯುತ್ತಾನೆ. ಹೇಮಾವತಿ ಕಂಡ ಕೂಡಲೇ ಎ ತುಂಬಿದವನಿಗೆ ಸೊನ್ನೆ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಮೇಡಂ ಇದನ್ನೆಲ್ಲ ಹೇಳಿದರು. ಮೇಷ್ಟ್ರು ಚಹಾ ಕುಡಿದರು.

ಕಾಪಿ ತಡೆಯಲೆಂದು ಪತ್ರಿಕೆಗೆ ನಾಲ್ಕು ಸೀರೀಸು ಮಾಡಿಸಿದ್ದರು. ಡಿಟಿಪಿಯ ಹುಡುಗ ಹೇಳಿದಂತೆಯೇ ಆಯ್ಕೆಗಳನ್ನು ಅದಲುಬದಲು ಮಾಡಿದ. ಬಿ ಸೀರೀಸಿನಲ್ಲಿ ‘ಮೇಲಿನ ಎಲ್ಲವೂ’ ಎಲ್ಲದಕ್ಕಿಂತ ಮೇಲೆ ಹೋಗಿ ಕೂತಿತು. ಪರೀಕ್ಷೆಯ ನಡುವೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. “ಸಾರ್, ಮೇಲಿನ ಎಲ್ಲವೂ ಅಂದ್ರೆ ಹನ್ನೊಂದನೇ ಪ್ರಶ್ನೆನೂ ಸೇರ್ಸ್ಕೋಬೇಕಾ?”

ಮೇಷ್ಟ್ರು ಎದೆಗುಂದಲಿಲ್ಲ. “ಬಿ ಸೀರೀಸಿನವರು ‘ಕೆಳಗಿನ ಎಲ್ಲವೂ’ ಅಂತ ತಿದ್ಕೊಳ್ಳಿ” ಎಂದರು. ಸಿ ಸೀರೀಸಿನಲ್ಲಿ ಅದು ಮೂರನೆಯದಾಗಿತ್ತು. ಒಂದು ಕ್ಷಣ ಸೂರು ನೋಡಿ ಅಪ್ಪಣೆ ಕೊಡಿಸಿದರು:

“ನೀವು ‘ಅಕ್ಕಪಕ್ಕದ ಎಲ್ಲವೂ’ ಅಂತ ಬರ್ಕೊಳ್ರಪ್ಪ.”