ನೂರನಲವತ್ತರ ರಾಯರು

ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಆರಕ್ಕೆ ಓಡುವವರ ನಡುವೆ, ದಾರಿ ನೋಡದೆ ಮಣಿಕಟ್ಟು ನೋಡಿಕೊಂಡೇ ಓಡುವವರೊಬ್ಬರು ಇದ್ದೇ ಇರುತ್ತಾರೆ. ನಾಯಿ ಅಡ್ಡ ಬಂದರೆ ನಾಯಿಯೇ ಪಕ್ಕಕ್ಕೆ ಸರಿಯಬೇಕು. ಏರು ಬಂದರೆ ಓಟ ಬಿಟ್ಟು ನಡೆಯುತ್ತಾರೆ. ಬಿರುಸಾಗಿ ನಡೆಯುವ ಅಜ್ಜಿಯರು ದಾಟಿ ಹೋದರೂ ಬೇಸರವಿಲ್ಲ. ವಾಚು ಕಿರ್ ಎಂದಿತೆಂದರೆ ಮಾತ್ರ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಗಕ್ಕನೆ ನಿಧಾನವಾಗುತ್ತಾರೆ. ಇವರನ್ನು ರಾಯರು ಎನ್ನೋಣ. ವಯಸ್ಸು 40. ಅಮೆರಿಕದ ಫಿಲ್ ಮ್ಯಾಫೆಟೋನ್ ಎಂಬವರು ಹೇಳಿಕೊಟ್ಟ ಲೆಕ್ಕದಂತೆ 180ರಲ್ಲಿ ವಯಸ್ಸು ಕಳೆದರೆ 140. ನಿಮಿಷಕ್ಕೆ ಅಷ್ಟು ಬಡಿತವೇ ರಾಯರ ಲಕ್ಷ್ಮಣರೇಖೆ. ಹವಾಯಿಯ ಐರನ್‌ಮ್ಯಾನ್ ಸ್ಪರ್ಧೆಯನ್ನು ಆರು ಸಲ ಗೆದ್ದ ಮಾರ್ಕ್ ಆ್ಯಲನ್ ಈ ಮ್ಯಾಫೆಟೋನರ ಶಿಷ್ಯ ಎಂಬುದನ್ನು ರಾಯರು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಾರೆ.

ನಗುವವರು ನಗಲಿ, ರಾಯರ ಮೂಲತತ್ವದಲ್ಲಿ ತಪ್ಪಿಲ್ಲ. ಹೃದಯವೆಂದರೆ ಬಾವಿಯಿಂದ ನೀರು ಸೇದುವ ಕೆಲಸ. ಬಡಿತ ಒಂದಕ್ಕೆ ಒಂದು ಕೊಡ. ತಿಂಗಳುಗಟ್ಟಲೆ ನಿಧಾನವಾಗಿ ಓಡಿದವರಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತವೂ ಹೆಚ್ಚುತ್ತದೆ. ಅಂದರೆ ಕೊಡ ದೊಡ್ಡದಾಗುತ್ತದೆ. ಕಾಲಿನ ಸ್ನಾಯುಗಳೂ ಬಂದ ಆಮ್ಲಜನಕವನ್ನು ಪೋಲು ಮಾಡದೆ ಬಳಸುವುದನ್ನು ಕಲಿಯುತ್ತವೆ. ಆದ್ದರಿಂದ ಅದೇ 140 ಬಡಿತಕ್ಕೆ ಮೊದಲು ಕಿಲೋಮೀಟರಿಗೆ 7 ನಿಮಿಷ ಹಿಡಿಯುತ್ತಿದ್ದವರು ಮುಂದೆ 6 ನಿಮಿಷ 40 ಸೆಕೆಂಡಿನಲ್ಲಿ ಓಡಿದರೆ, ಬಡಿತವೊಂದಕ್ಕೆ ಸುಮಾರು 1.02 ಮೀಟರ್ ಸಾಗುತ್ತಿದ್ದವರು 1.07 ಮೀಟರ್ ಸಾಗುತ್ತಿದ್ದಾರೆ ಎಂದರ್ಥ. ಈ ಐದು ಸೆಂಟಿಮೀಟರಿಗಾಗಿಯೇ ರಾಯರು ಅಜ್ಜಿಯರನ್ನು ಮುಂದೆ ಬಿಟ್ಟದ್ದು. ಅವರ ಎಡವಟ್ಟು ಇರುವುದು ಬೇರೆಡೆ: 140 ಎಂದರೆ ಎಲ್ಲ ದಿನವೂ, ಎಲ್ಲ ನಿಮಿಷವೂ ಒಂದೇ 140 ಎಂದು ಅವರು ನಂಬಿದ್ದಾರೆ.

ಬಾವಿಯ ಹತ್ತಿರವೇ ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣ. ಓಡಲು ಶುರುಮಾಡಿ ಹತ್ತು-ಹದಿನೈದು ನಿಮಿಷ ಕಳೆದ ಮೇಲೆ ಮೈ ಬಿಸಿಯಾಗುತ್ತದೆ. ಮೈ ತಣಿಸಲು ರಕ್ತದ ಒಂದು ಪಾಲು ಚರ್ಮದ ಕಡೆಗೆ ಹರಿಯುತ್ತದೆ. ಬೆವರಾಗಿ ಹೋದ ನೀರು ರಕ್ತದ ದ್ರವಾಂಶವನ್ನೂ ಇಳಿಸುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಕೊಡ ಮುಕ್ಕಾಲಷ್ಟೇ ತುಂಬತೊಡಗುತ್ತದೆ. ಹಂಡೆ ತುಂಬಬೇಕಾದರೆ ಹೆಚ್ಚು ಸಲ ಸೇದಲೇಬೇಕು. ಹೀಗೆ ವೇಗ ಒಂದಿಷ್ಟೂ ಹೆಚ್ಚದೆ ಬಡಿತ ಮಾತ್ರ ಮೆಲ್ಲಮೆಲ್ಲನೆ ಏರುವುದಕ್ಕೆ ಓಟಗಾರರು ಕಾರ್ಡಿಯಾಕ್ ಡ್ರಿಫ್ಟ್ ಎನ್ನುತ್ತಾರೆ. ಸೆಕೆಯ ದಿನ ದೀರ್ಘ ಓಟದಲ್ಲಿ ಹತ್ತು-ಹದಿನೈದು ಬಡಿತ ಹೀಗೆ ಏರಿದರೂ ಆಶ್ಚರ್ಯವಿಲ್ಲ. ವೇಗವನ್ನು ಹಿಡಿದಿಟ್ಟರೆ ಬಡಿತ ಏರುತ್ತದೆ. ರಾಯರಂತೆ ಬಡಿತವನ್ನು ಹಿಡಿದಿಟ್ಟರೆ ವೇಗ ಇಳಿಯುತ್ತದೆ. ಹಾಗಾಗಿ ಇಪ್ಪತ್ತನೇ ನಿಮಿಷದ 140ಕ್ಕೂ ಐವತ್ತನೆಯದಕ್ಕೂ ಅಂಕಿ ಒಂದೇ, ದುಡಿಮೆ ಬೇರೆ.

ರಾಯರ ಏಪ್ರಿಲ್ ದುಃಖ ಹುಟ್ಟಿದ್ದು ಇಲ್ಲೇ. ಜನವರಿಯಲ್ಲಿ 16 ಡಿಗ್ರಿಯ ಚಳಿಯಲ್ಲಿ ಅರ್ಧ ಗಂಟೆ ಓಡಿ, ಮೈ ಕಾಯಿಸಿದ ಮೊದಲ ಹತ್ತು ನಿಮಿಷ ಬಿಟ್ಟು, ಉಳಿದ ಇಪ್ಪತ್ತರ ಸರಾಸರಿ ಬರೆದುಕೊಂಡರು: 140ಕ್ಕೆ ಕಿಲೋಮೀಟರಿಗೆ 7 ನಿಮಿಷ. ಏಪ್ರಿಲ್‌ನಲ್ಲಿ 23 ಡಿಗ್ರಿಯಲ್ಲಿ ಒಂದು ಗಂಟೆ ಓಡಿ ಇಡೀ ಗಂಟೆಯ ಸರಾಸರಿ ನೋಡಿದರು: 7 ನಿಮಿಷ 12 ಸೆಕೆಂಡು. ಮೂರು ತಿಂಗಳ ತಪಸ್ಸಿಗೆ ಹನ್ನೆರಡು ಸೆಕೆಂಡಿನ ಶಾಪ! ಆ ದಿನ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಯಿತೆಂದು ಜಗಳ. ಆದರೆ ಆ ಗಂಟೆಯನ್ನು ಬಿಡಿಸಿ ನೋಡಿದರೆ ಕಥೆಯೇ ಬೇರೆ. ಮೊದಲ ಹತ್ತು ನಿಮಿಷ, ಬಡಿತ 140ಕ್ಕೆ ಏರುವ ಹೊತ್ತು, 7:10ರ ವೇಗ. ಹತ್ತರಿಂದ ಮೂವತ್ತನೇ ನಿಮಿಷದವರೆಗೆ 6:48. ಕೊನೆಯ ಅರ್ಧ ಗಂಟೆ 7:30. ಜನವರಿಯ ಇಪ್ಪತ್ತು ನಿಮಿಷಕ್ಕೆ ತೂಗಬೇಕಾದ ಬಟ್ಟು ಏಪ್ರಿಲ್‌ನ ಅದೇ ಇಪ್ಪತ್ತು ನಿಮಿಷ. ಹಾಗೆ ತೂಗಿದರೆ ರಾಯರು ಹನ್ನೆರಡು ಸೆಕೆಂಡು ಕಳೆದುಕೊಂಡಿಲ್ಲ, ಗಳಿಸಿದ್ದಾರೆ. ಅದೂ ಏಳು ಡಿಗ್ರಿ ಹೆಚ್ಚಿನ ಸೆಕೆಯಲ್ಲಿ.

ಹಾಗಾದರೆ ಆ ಕೊನೆಯ ಅರ್ಧ ಗಂಟೆಯನ್ನು ಕಸಕ್ಕೆ ಹಾಕುವುದೇ? ಖಂಡಿತ ಬೇಡ, ಅದು ಇನ್ನೊಂದು ಪ್ರಶ್ನೆಗೆ ಉತ್ತರ. 6:48ರಿಂದ 7:30ಕ್ಕೆ ಇಳಿದದ್ದು ಎಂದರೆ ವೇಗದಲ್ಲಿ ನೂರಕ್ಕೆ ಒಂಬತ್ತರಷ್ಟು ಇಳಿತ. ಓಟದ ಮೊದಲರ್ಧಕ್ಕೂ ಎರಡನೆಯದಕ್ಕೂ ನಡುವೆ ಇದು ನೂರಕ್ಕೆ ಐದರೊಳಗಿದ್ದರೆ ಆ ದೂರಕ್ಕೆ ದಮ್ಮು ಕೂಡಿದೆ ಎಂಬುದು ಜೋ ಫ್ರೀಲ್ ಎಂಬ ತರಬೇತುದಾರರು ಬಳಕೆಗೆ ತಂದ ಅಳತೆ. ರಾಯರಿಗೆ ಇಪ್ಪತ್ತು ನಿಮಿಷದ ದಮ್ಮು ಬಂದಿದೆ, ಗಂಟೆಯದು ಬಂದಿಲ್ಲ. ಅಥವಾ ಅಂದಿನ ಸೆಕೆ ಅವರನ್ನು ತಿಂದಿದೆ. ಎರಡರಲ್ಲಿ ಯಾವುದೆಂದು ತಿಳಿಯಬೇಕಾದರೆ ತಂಪಾದ ದಿನ, ಚೆನ್ನಾಗಿ ನೀರು ಕುಡಿದು, ಅದೇ ಒಂದು ಗಂಟೆ ಮತ್ತೆ ಓಡಬೇಕು. ಆಗಲೂ ಒಂಬತ್ತೇ ಬಂದರೆ ಸೆಕೆಯನ್ನು ಬಯ್ದು ಫಲವಿಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ, ಡ್ರಿಫ್ಟಿಗೆ ಇಷ್ಟು, ಡಿಗ್ರಿಗೆ ಇಷ್ಟು ಎಂದು ಕಳೆಯುವ ಒಂದು ಸೂತ್ರ ಇರಬಾರದೇ ಎಂದು ಕೇಳಬಹುದು. ಎಕ್ಸೆಲ್ ಗೊತ್ತಿರುವ ರಾಯರು ಕೇಳದೆ ಬಿಟ್ಟಾರೆಯೇ! ಆದರೆ ಬೆವರು ಒಬ್ಬರಿಗೆ ತೊಟ್ಟಿಕ್ಕಿದರೆ ಇನ್ನೊಬ್ಬರಿಗೆ ಧಾರೆ. ಅದೇ ಮನುಷ್ಯ ಒಂದೆರಡು ವಾರ ಸೆಕೆಯಲ್ಲಿ ಓಡಿದರೆ ಮೈ ಒಗ್ಗಿಕೊಂಡು ಬಡಿತ ತಾನೇ ಇಳಿಯುತ್ತದೆ. ಆ ಇಳಿಕೆಯನ್ನು ಕೂಡ ರಾಯರು ಸಾಧನೆಯ ಖಾತೆಗೆ ಬರೆದುಕೊಳ್ಳುತ್ತಾರೆ. ಸೂತ್ರದಿಂದ ವ್ಯತ್ಯಾಸ ಕಳೆಯುವುದಕ್ಕಿಂತ ವ್ಯತ್ಯಾಸ ಹುಟ್ಟದಂತೆ ನೋಡಿಕೊಳ್ಳುವುದೇ ಸುಲಭ: ಏರುತಗ್ಗಿಲ್ಲದ ಅದೇ ಹಾದಿ, ಅದೇ ಹೊತ್ತು, ಹೆಚ್ಚುಕಡಿಮೆ ಅದೇ ತಾಪ, ಅದೇ ನಿಮಿಷಗಳು. ರೇಖೆ 140 ಇರಬೇಕೋ 143 ಇರಬೇಕೋ ಎಂಬ ಚರ್ಚೆ ಈ ಹೋಲಿಕೆಗೆ ಬೇಕಿಲ್ಲ. ಆರಾಮವಾಗಿ ಮಾತಾಡುತ್ತ ಓಡಬಹುದಾದ ಮಟ್ಟದಲ್ಲಿ ಒಂದು ಅಂಕಿ ಹಿಡಿದು, ಅದನ್ನು ಬದಲಿಸದಿದ್ದರೆ ಸಾಕು.

ಮಾತಾಡುತ್ತ ಓಡಲು ಬರುವುದೇ ಸಾಕಲ್ಲ, ಅಳತೆಯೇಕೆ ಎನ್ನುವವರದ್ದು ಇನ್ನೂ ಗಟ್ಟಿಯಾದ ಆಕ್ಷೇಪ. ಯಾವ ವೇಗದಲ್ಲಿ ಓಡಬೇಕೆಂದು ತಿಳಿಯಲು ಉಸಿರು ಒಳ್ಳೆಯ ಗುರು, ಒಪ್ಪೋಣ. ಆದರೆ ಮೂರು ತಿಂಗಳಲ್ಲಿ ಹನ್ನೆರಡು ಸೆಕೆಂಡು ಕೂಡಿದ್ದನ್ನು ಹೇಳುವಷ್ಟು ನೆನಪು ಉಸಿರಿಗಿಲ್ಲ. ಹಾಗೆಂದು ವಾಚು ಹೇಳಿದ್ದೆಲ್ಲ ವೇದವೂ ಅಲ್ಲ. ಮಣಿಕಟ್ಟಿನ ಬೆಳಕಿನ ಸೆನ್ಸರು ಕೆಲವೊಮ್ಮೆ ನಾಡಿಯನ್ನು ಬಿಟ್ಟು ಹೆಜ್ಜೆಯನ್ನೇ ಎಣಿಸುತ್ತದೆ. ಸಲೀಸಾಗಿ ಮಾತಾಡುತ್ತ ಓಡುವವರಿಗೆ ಇದ್ದಕ್ಕಿದ್ದಂತೆ 170 ತೋರಿಸಿದರೆ ಅದು ಹೆಚ್ಚಾಗಿ ಕಾಲಿನ ಲೆಕ್ಕ. ನಿಂತು, ಕುತ್ತಿಗೆಯ ಮೇಲೆ ಬೆರಳಿಟ್ಟು, ತಕ್ಷಣ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಗುಟ್ಟು ರಟ್ಟಾಗುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಂಬಿಗಸ್ಥ. ಇನ್ನು ನಿದ್ದೆಗೆಟ್ಟ ರಾತ್ರಿ, ಬರಲಿರುವ ಜ್ವರ, ಹೊರಡುವ ಮುಂಚೆ ಕುಡಿದ ಎರಡನೇ ಲೋಟ ಫಿಲ್ಟರ್ ಕಾಫಿ, ಇವೂ ಬಡಿತವನ್ನು ಆಚೀಚೆ ಮಾಡಬಲ್ಲವು. ಆದ್ದರಿಂದ ಒಂದು ಬೆಳಗಿನ ಅಂಕಿ ನೋಡಿ ಹಿಗ್ಗುವುದೂ ಕುಗ್ಗುವುದೂ ಬೇಡ.

ರಾಯರೇ, ತಿಂಗಳಿಗೊಮ್ಮೆ, ಹತ್ತರಿಂದ ಮೂವತ್ತನೇ ನಿಮಿಷದವರೆಗಿನ ವೇಗವನ್ನು ಮಾತ್ರ ಪುಸ್ತಕದಲ್ಲಿ ಬರೆಯಿರಿ, ಪಕ್ಕದಲ್ಲಿ ಆ ದಿನದ ತಾಪವನ್ನೂ ಬರೆಯಿರಿ. ಉಳಿದ ದಿನಗಳಲ್ಲಿ ದಯವಿಟ್ಟು ದಾರಿ ನೋಡಿಕೊಂಡು ಓಡಿ. ನಾಯಿಗಳಿಗೂ ಬೆಳಗಿನ ವಿಹಾರ ಬೇಕು.