ಬಂದದ್ದಾಯಿತು, ಇನ್ನೊಂಚೂರು

ರಸ್ತೆ ಬದಿಯ ಫಲಕಗಳಲ್ಲೆಲ್ಲ ನಿಷ್ಠುರವಾದದ್ದು ನೋ ಎಂಟ್ರಿ. ಕೆಂಪು ತಟ್ಟೆ, ಅದರ ನಡುವೆ ಮಲಗಿಸಿದ ಒಂದು ಬಿಳಿ ಕಡುಬು. ಮಿಕ್ಕ ಫಲಕಗಳು ಮುಂದೆ ಶಾಲೆ ಇದೆ, ದನ ಅಡ್ಡ ಬಂದೀತು, ತಿರುವಿದೆ ಎಂದು ಏನಾದರೂ ಸಮಾಚಾರ ಹೇಳುತ್ತವೆ. ಇದು ಕಾರಣ ಕೊಡುವುದಿಲ್ಲ, ಒಂದಕ್ಷರವನ್ನೂ ಆಡುವುದಿಲ್ಲ. 1931ರಲ್ಲಿ ಜಿನೀವಾದಲ್ಲಿ ಹಲವು ದೇಶಗಳವರು ಕೂತು ರಸ್ತೆಯ ಗುರುತುಗಳನ್ನು ಒಂದೇ ತೆರನಾಗಿ ಮಾಡಿಕೊಳ್ಳಲು ಒಪ್ಪಿದಾಗ ಈ ತಟ್ಟೆಯೂ ಆ ಪಟ್ಟಿಯಲ್ಲಿ ಸೇರಿತು. ಯಾವ ಭಾಷೆಯವನಿಗಾದರೂ ಓದದೆಯೇ ತಿಳಿಯಬೇಕು ಎಂಬುದು ಅವರ ಆಸೆ. ಓದದೆ ತಿಳಿಯುವುದನ್ನು ನೋಡದೆಯೇ ದಾಟಿಹೋಗುವವರೂ ಇರುತ್ತಾರೆ ಎಂಬುದು ಅವರಿಗೆ ಹೊಳೆದಂತಿಲ್ಲ. ಹೊಳೆಯುವುದಾದರೂ ಹೇಗೆ? ಜಿನೀವಾದ ಫಲಕದ ಮುಂದೆ ಎಳನೀರಿನವನ ಛತ್ರಿ ಇರುವುದಿಲ್ಲ, ಹುಟ್ಟುಹಬ್ಬದ ಫ್ಲೆಕ್ಸ್ ಇರುವುದಿಲ್ಲ, ಹೊಂಗೆಯ ಕೊಂಬೆ ಇಳಿಬಿದ್ದಿರುವುದಿಲ್ಲ.

ಈ ಫಲಕಕ್ಕೆ ಇನ್ನೂ ಮುಗ್ಧನಾದ ತಮ್ಮನೊಬ್ಬನಿದ್ದಾನೆ. ಬಿಳಿ ವೃತ್ತ, ಸುತ್ತ ಕೆಂಪು ಅಂಚು, ಒಳಗೆ ಏನೂ ಇಲ್ಲ. ಎರಡೂ ದಿಕ್ಕಿನಿಂದ ಯಾವ ವಾಹನವೂ ಹೋಗಕೂಡದು ಎಂದು ಅದರ ಅರ್ಥ. ಆದರೆ ನಮ್ಮ ಜನ ಅದನ್ನು ನೋಡಿ, ಪಾಪ, ಕಂಟ್ರಾಕ್ಟರಿಗೆ ಬಿಲ್ ಆಗಿರಲಿಕ್ಕಿಲ್ಲ, ಚಿತ್ರ ಬರೆಯುವುದನ್ನು ಅರ್ಧಕ್ಕೆ ಬಿಟ್ಟಿದ್ದಾನೆ ಎಂದುಕೊಂಡು ಆರಾಮವಾಗಿ ಒಳಗೆ ಹೋಗುತ್ತಾರೆ.

ಒನ್ ವೇ ಮಾಡುವುದು ಯಾಕೆ ಎಂದು ಕೇಳಿದರೆ ಆಟೋದವರು ‘ನಮ್ಮನ್ನ ಸುತ್ತಿಸೋಕೆ’ ಎನ್ನುತ್ತಾರೆ. ಸಿವಿಲ್ ಎಂಜಿನಿಯರಿಂಗ್ ಓದಿದವರನ್ನು ಕೇಳಿದರೆ ಖನ್ನಾ ಮತ್ತು ಜಸ್ಟೊ ಅವರ ಪಠ್ಯವನ್ನು ನೆನೆಯುತ್ತಾರೆ. ಆ ಜಸ್ಟೊ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾಗಿದ್ದವರು. ಎರಡು ರಸ್ತೆ ಒಂದನ್ನೊಂದು ಕತ್ತರಿಸುವ ಕಡೆ ಎರಡರಲ್ಲೂ ಹೋಗುವ ಬರುವ ವಾಹನಗಳಿದ್ದರೆ, ಒಬ್ಬರ ಹಾದಿಗೆ ಇನ್ನೊಬ್ಬರು ಅಡ್ಡ ಬರುವ ಜಾಗಗಳು 24 ಎಂದು ಆ ಪುಸ್ತಕದ ಲೆಕ್ಕ. ಎರಡನ್ನೂ ಒನ್ ವೇ ಮಾಡಿದರೆ ಅದು 6ಕ್ಕೆ ಇಳಿಯುತ್ತದೆ. ಜಗಳದ ಹದಿನೆಂಟು ಜಾಗಗಳನ್ನು ಬರೀ ಒಂದು ಬಾಣದ ಗುರುತಿನಿಂದ ಅಳಿಸಿಹಾಕಬಹುದೆಂದರೆ ಯಾವ ಪೊಲೀಸ್ ಕಮಿಷನರಿಗೆ ತಾನೇ ಕೈ ತುರಿಸುವುದಿಲ್ಲ? ಹಾಗಾಗಿ ಬ್ರಿಗೇಡ್ ರಸ್ತೆಯಲ್ಲಿ ಎಂ.ಜಿ. ರಸ್ತೆಯ ಕಡೆಯಿಂದ ಇಳಿಯಬಹುದೇ ಹೊರತು ಆ ಕೊನೆಯಿಂದ ಹತ್ತುವಂತಿಲ್ಲ. ಕಣ್ಣೆದುರಿಗೇ ಕಾಣುವ ಜಾಗಕ್ಕೆ ಊರು ಸುತ್ತಿ ಬರಬೇಕು. ಬೆಂಗಳೂರಿನವರು ಇದಕ್ಕೆ ಒಗ್ಗಿಹೋಗಿದ್ದಾರೆ. ಅವರು ಫಲಕ ನೋಡಿ ಗಾಡಿ ಓಡಿಸುವುದಿಲ್ಲ, ನೆನಪಿನಿಂದ ಓಡಿಸುತ್ತಾರೆ. ಆದ್ದರಿಂದ ರಾತ್ರೋರಾತ್ರಿ ದಿಕ್ಕು ಬದಲಾದಾಗ ಮೊದಲು ಸಿಕ್ಕಿಬೀಳುವವರು ಅದೇ ಬೀದಿಯಲ್ಲಿ ಮೂವತ್ತು ವರ್ಷದಿಂದ ಮನೆ ಮಾಡಿಕೊಂಡಿರುವವರು. ಊರಿಗೆ ಹೊಸಬರು ಎರಡನೆಯ ಬ್ಯಾಚು.

ನಮ್ಮ ಚಿಕ್ಕಪ್ಪ ಎರಡನೆಯ ಬ್ಯಾಚಿನವರು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಲಾರಿಯಿಂದ ಹಿಡಿದು ಟ್ರ್ಯಾಕ್ಟರ್‌ವರೆಗೆ ಎಲ್ಲವನ್ನೂ ಓಡಿಸಿದ ಕೈ. ಬೆಂಗಳೂರಿನ ದಕ್ಷಿಣದ ಒಂದು ಬಡಾವಣೆಯಲ್ಲಿ ಆರತಕ್ಷತೆ. ಚಿಕ್ಕಮ್ಮ ರೇಷ್ಮೆ ಸೀರೆಯಲ್ಲಿ ಮುಂದಿನ ಸೀಟಿನಲ್ಲಿ, ನಾನು ಹಿಂದೆ ಉಡುಗೊರೆಯ ಕುಕ್ಕರ್ ಡಬ್ಬವನ್ನು ತಬ್ಬಿಕೊಂಡು. ಮುಖ್ಯರಸ್ತೆಯಿಂದ ಎಡಕ್ಕೆ ತಿರುಗಿದೆವು. ಮೂಲೆಯಲ್ಲಿ ಎಳನೀರಿನ ಛತ್ರಿ ಇತ್ತು. ಅದರ ಹಿಂದೆ ಏನಿತ್ತು ಎಂಬುದು ಈಗ ಓದುಗರಿಗೆ ಗೊತ್ತು, ಆಗ ನಮಗೆ ಗೊತ್ತಿರಲಿಲ್ಲ.

ನೋ ಎಂಟ್ರಿಯ ಫಲಕ ತಪ್ಪಿಹೋದರೂ ರಸ್ತೆ ಬೇರೆ ಸುಳಿವುಗಳನ್ನು ಕೊಡುತ್ತಲೇ ಇರುತ್ತದೆ. ಎರಡೂ ಬದಿಯಲ್ಲಿ ನಿಲ್ಲಿಸಿದ ಕಾರುಗಳೆಲ್ಲ ನಮ್ಮ ಕಡೆಗೇ ಮೂತಿ ಮಾಡಿಕೊಂಡಿರುತ್ತವೆ. ಎಷ್ಟು ದೂರ ಹೋದರೂ ಫಲಕಗಳ ತಗಡಿನ ಬೆನ್ನೇ ಕಾಣುತ್ತದೆ. ಸಿಗ್ನಲ್ ಕಂಬ ಬಂದರೆ ಅದರ ಬೆನ್ನೂ ಅಷ್ಟೇ, ಕೆಂಪಿಲ್ಲ, ಹಸಿರಿಲ್ಲ. ಜೀಬ್ರಾ ಪಟ್ಟೆ ಇದ್ದ ಕಡೆ, ಅದಕ್ಕಿಂತ ಮುಂಚೆ ಇರಬೇಕಾದ ನಿಲ್ಲುವ ಗೆರೆ ಪಟ್ಟೆ ದಾಟಿದ ಮೇಲೆ ಸಿಗುತ್ತದೆ. ಇವೆಲ್ಲ ಚಿಕ್ಕಮ್ಮನ ಕಣ್ಣಿಗೆ ಬಿದ್ದವು.

‘ಏನ್ರೀ, ಎದುರಿಗೆ ಬರೋರೆಲ್ಲ ನಮಗೆ ಲೈಟ್ ಹಾಕ್ತಿದಾರಲ್ಲ, ಹೆಣ್ಣಿನ ಕಡೆಯೋರಾ?’

ಚಿಕ್ಕಪ್ಪನಿಗೆ ಆಗಲೇ ಗೊತ್ತಾಗಿತ್ತು. ಕಿವಿ ಕೆಂಪಾಗಿತ್ತು. ಆದರೆ ಕಾಲು ಬ್ರೇಕಿಗೆ ಹೋಗಲಿಲ್ಲ. ‘ಬಂದದ್ದಾಯ್ತು ಕಣೆ, ಇನ್ನೊಂಚೂರು. ಅಗೋ, ಮಂಟಪದ ಸೀರಿಯಲ್ ಸೆಟ್ಟು ಕಾಣ್ತಿದೆ’ ಎಂದರು.

ಒನ್ ವೇಯ ಅನಾಹುತವೆಲ್ಲ ಇರುವುದು ಈ ಇನ್ನೊಂಚೂರಿನಲ್ಲಿ. ಒಳಗೆ ಬಂದದ್ದು ಕಣ್ಣಿನ ತಪ್ಪು, ಮುಂದೆ ಹೋಗುವುದು ಮಾನದ ಪ್ರಶ್ನೆ. ಇಷ್ಟು ಜನರ ಎದುರಿಗೆ ನಿಂತು, ತಿರುಗಿಸಿ, ತಪ್ಪಾಯಿತೆಂದು ತೋರಿಸಿಕೊಳ್ಳುವುದಕ್ಕಿಂತ ಸರಸರನೆ ದಾಟಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ನಂಬಿಕೆ. ಆದರೆ ಬೀದಿಯಲ್ಲಿ ಹೆಚ್ಚು ಅಪಾಯದ ಭಾಗವೇ ಆ ಉಳಿದ ಭಾಗ. ಅಡ್ಡರಸ್ತೆಯಿಂದ ಬಂದು ಸೇರುವವನು ವಾಹನ ಬರುವ ಕಡೆಗೆ ಮಾತ್ರ ಕತ್ತು ತಿರುಗಿಸಿರುತ್ತಾನೆ. ನಾವು ಅವನ ಕಿವಿಯ ಹಿಂದಿನಿಂದ ಬರುತ್ತೇವೆ. ರಸ್ತೆ ದಾಟುವ ಅಜ್ಜಿಯೂ ಒಂದೇ ಕಡೆ ನೋಡಿ ಇಳಿದಿರುತ್ತಾರೆ. ಆ ಕೊನೆಯಲ್ಲಿ ಒಳಗೆ ತಿರುಗುವವನಂತೂ ಎದುರಿಗೆ ಯಾರೂ ಇರುವುದಿಲ್ಲ ಎಂಬ ಭರವಸೆಯಲ್ಲೇ ತಿರುಗುತ್ತಾನೆ.

ಚಿಕ್ಕಪ್ಪ ಇನ್ನೊಂದು ಕೆಲಸ ಮಾಡಿದರು, ಅದೂ ಒಳ್ಳೆಯ ಬುದ್ಧಿಯಿಂದಲೇ. ರಸ್ತೆಯ ಎಡ ಅಂಚಿಗೆ ಒತ್ತಿಕೊಂಡರು. ಎಡಕ್ಕಿದ್ದರೆ ಕ್ಷೇಮ ಎಂದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಆದರೆ ಒನ್ ವೇಯಲ್ಲಿ ತಿರುಗುಮುರುಗಾಗಿ ಹೋಗುವಾಗ ನಮ್ಮ ಎಡ ಎಂದರೆ ಎದುರಿನವರ ಬಲ. ನಿಧಾನದವರು, ಬಸ್ಸು, ನಿಂತು ನಿಂತು ಹೋಗುವ ಆಟೋ ಎಲ್ಲ ಅವರ ಎಡಕ್ಕೆ. ಓವರ್‌ಟೇಕ್ ಮಾಡುವ ಮೋಟಾರ್ ಸೈಕಲ್ಲುಗಳು ಅವರ ಬಲಕ್ಕೆ, ಅಂದರೆ ನೇರವಾಗಿ ನಮ್ಮ ಬಾನೆಟ್ಟಿಗೆ. ಹಾಗಂತ ಆ ಬದಿಗೆ ಹೋಗೋಣವೆಂದರೆ ರಸ್ತೆಯನ್ನೇ ಅಡ್ಡ ಹಾಯಬೇಕು. ಆದ್ದರಿಂದ ಎಡ, ಬಲದ ಪ್ರಶ್ನೆ ಬಿಟ್ಟು, ಹತ್ತಿರದ ಅಂಚಿನಲ್ಲಿ ಮೊದಲು ನಿಲ್ಲಬೇಕು. ನಾಲ್ಕೂ ಇಂಡಿಕೇಟರ್ ಹಾಕಿ, ಹೆಡ್‌ಲೈಟ್ ಡಿಮ್ ಮಾಡಿ, ಹಾರನ್ನಿನಿಂದ ಕೈ ತೆಗೆಯಬೇಕು. ತಪ್ಪು ದಾರಿಯಲ್ಲಿ ಬಂದವನು ಹಾರನ್ ಬೇರೆ ಹೊಡೆದರೆ ಬೆಂಗಳೂರಿನಂಥ ಸಹನೆಯ ಊರಿಗೂ ಸಿಟ್ಟು ಬರುತ್ತದೆ.

ನಿಲ್ಲಿಸಿದ್ದು ಚಿಕ್ಕಮ್ಮ. ಬ್ರೇಕು ಅವರ ಕಾಲಿನ ಹತ್ತಿರ ಇರಲಿಲ್ಲ ನಿಜ, ‘ನಿಲ್ಲಿಸ್ರೀ’ ಎಂಬ ಒಂದು ಪದವಿತ್ತು.

ನಿಂತ ಮೇಲೆ ರಿವರ್ಸ್ ಹೋಗೋಣ ಎಂದರು ಚಿಕ್ಕಪ್ಪ. ಒಳಗೆ ಬಂದು ಒಂದೆರಡು ಗಾಡಿಯುದ್ದ ಮಾತ್ರ ಆಗಿದ್ದರೆ, ಹಿಂದೆ ಯಾರೂ ಇಲ್ಲದಿದ್ದರೆ, ಒಬ್ಬರು ಕೆಳಗಿಳಿದು ಕೈ ತೋರಿಸಿದರೆ ಅದು ಸರಿಯೇ. ನಾವು ನೂರು ಮೀಟರಿಗೂ ಹೆಚ್ಚು ಬಂದಿದ್ದೆವು. ಅಷ್ಟು ದೂರ ಹಿಂದಕ್ಕೆ ಬಿಟ್ಟುಕೊಂಡು ಹೋದರೆ ಕಾರಿನ ಬೆನ್ನು ಮುಖ್ಯರಸ್ತೆಯ ಓಡಾಟದೊಳಕ್ಕೆ ಕುರುಡಾಗಿ ಹೊಗುತ್ತದೆ. ಒಂದು ತಪ್ಪನ್ನು ಇನ್ನೊಂದು ರಸ್ತೆಗೆ ಸಾಗಿಸಿದಂತೆ ಅದು. ನಿಂತ ಜಾಗದಲ್ಲೇ ಹಿಂದೆ ಮುಂದೆ ಮಾಡಿ ತಿರುಗಿಸುವುದೂ ಬೇಡ. ಕಾರು ರಸ್ತೆಗೆ ಅಡ್ಡಲಾಗಿ ನಿಂತ ಗಳಿಗೆಯಲ್ಲೇ ಎಂಜಿನ್ ಆಫ್ ಆಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಹುಡುಕಬೇಕಾದ್ದು ಒಂದು ಬಾಯಿ: ಅಡ್ಡರಸ್ತೆ, ಅಪಾರ್ಟ್‌ಮೆಂಟಿನ ಗೇಟು, ಪೆಟ್ರೋಲ್ ಬಂಕು, ಏನಾದರೂ ಸರಿ. ನಮಗೆ ಎಡಕ್ಕೆ ಹತ್ತು ಹೆಜ್ಜೆ ಮುಂದೆ ಒಂದು ಟೈರ್ ಅಂಗಡಿಯ ಅಂಗಳ ಸಿಕ್ಕಿತು. ಆ ತುದಿಯ ಸಿಗ್ನಲ್ ಕೆಂಪಾದಾಗ ವಾಹನಗಳ ಹಿಂಡು ತುಂಡಾಗಿ ಸ್ವಲ್ಪ ಹೊತ್ತು ರಸ್ತೆ ಖಾಲಿಯಾಗುತ್ತದೆ. ಆ ಬಿಡುವಿಗೆ ಕಾದು ಅಂಗಳಕ್ಕೆ ನುಗ್ಗಿಸಿ, ಒಳಗೇ ತಿರುಗಿಸಿಕೊಂಡು, ಮೂತಿ ಮುಂದಾಗಿ ಹೊರಬರುವುದು. ಅಂಗಡಿಯ ಹುಡುಗ ಕೇಳದೆಯೇ ಎದ್ದು ಬಂದು ‘ಬರ್ಲಿ ಬರ್ಲಿ, ಕಟ್ ಹೊಡೀರಿ, ಸಾಕು’ ಎಂದು ನಡೆಸಿಕೊಟ್ಟ. ‘ದಿನಾ ಬರ್ತಾರೆ ಸಾರ್, ಬೆಳಗ್ಗೆಯಿಂದ ನೀವು ಎಷ್ಟನೆಯೋರೋ’ ಎಂದಾಗ ಚಿಕ್ಕಪ್ಪನ ಕಿವಿ ಮೊದಲಿನ ಬಣ್ಣಕ್ಕೆ ಬಂತು. ತಪ್ಪಿಗಿಂತ ಒಂಟಿತನ ಅವರನ್ನು ಹೆಚ್ಚು ಕಾಡಿತ್ತೆಂದು ತೋರುತ್ತದೆ. ಆ ಸಂತೋಷಕ್ಕೆ ಅವನ ಹತ್ತಿರ ನಾಲ್ಕೂ ಚಕ್ರಕ್ಕೆ ಗಾಳಿ ಹಾಕಿಸಿಕೊಂಡರು.

ಸ್ಕೂಟರಿನವರ ಕಷ್ಟ ಇಷ್ಟಿಲ್ಲ. ಎಂಜಿನ್ ಆರಿಸಿ, ಇಳಿದು, ಅಂಚಿನಲ್ಲಿ ತಳ್ಳಿಕೊಂಡು ವಾಪಸು ಬಂದರಾಯಿತು. ನೋಡಿದವರು ಪೆಟ್ರೋಲ್ ಮುಗಿದಿರಬೇಕೆಂದು ಮರುಗುತ್ತಾರೆ.

ತಮಾಷೆ ನಿಲ್ಲುವುದು ಡಿವೈಡರ್ ಇರುವ ಹೆದ್ದಾರಿಯಲ್ಲಿ. ಡಾಬಾದಿಂದ ಹೊರಬಂದು ತಪ್ಪು ಬದಿಗೆ ಇಳಿದವನು ಅಭ್ಯಾಸಬಲದಿಂದ ಎಡಕ್ಕೆ ಸರಿದರೆ ಡಿವೈಡರಿನ ಪಕ್ಕಕ್ಕೆ, ಎದುರಿನವರು ಅತಿ ವೇಗವಾಗಿ ಬರುವ ಸಾಲಿಗೇ ಸೇರುತ್ತಾನೆ. ಅಲ್ಲಿ ತಿರುಗಿಸುವ, ಹಿಂದಕ್ಕೆ ಬಿಡುವ ಸಾಹಸ ಬೇಡ. ಇನ್ನೂ ಡಾಬಾದ ಅಂಚಿನಲ್ಲೇ ಇದ್ದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಎಲ್ಲರೂ ಗಾಡಿಯಿಂದ ದೂರ ನಿಂತು ಹೆದ್ದಾರಿಯ ಸಹಾಯವಾಣಿ 1033ಕ್ಕೆ ಫೋನ್ ಮಾಡಬೇಕು.

ಕಾನೂನಿಗೆ ಈ ವಿಷಯದಲ್ಲಿ ಎರಡು ಮುಖ. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ಸಲಕ್ಕೆ 500 ರೂಪಾಯಿಯವರೆಗೆ ದಂಡ. ಅಷ್ಟರಲ್ಲೇ ಮುಗಿದರೆ ಪುಣ್ಯ. ಆದರೆ 2019ರ ತಿದ್ದುಪಡಿಯಿಂದೀಚೆಗೆ, ವಾಹನಗಳು ಹರಿಯುವ ದಿಕ್ಕಿಗೆ ಎದುರಾಗಿ ಓಡಿಸಿ ಅಪಾಯ ಒಡ್ಡುವುದನ್ನು 184ನೇ ಕಲಮು ಅಪಾಯಕಾರಿ ಚಾಲನೆ ಎಂದು ಎಣಿಸುತ್ತದೆ. ಅಲ್ಲಿ ಮೊದಲ ಸಲಕ್ಕೇ ಸಾವಿರದಿಂದ ಐದು ಸಾವಿರದವರೆಗೆ ದಂಡ, ಆರು ತಿಂಗಳಿಂದ ಒಂದು ವರ್ಷದ ಜೈಲು, ಇಲ್ಲವೇ ಎರಡೂ. ಇನ್ನೊಂಚೂರು ಎನ್ನುವವರು ಮೊದಲನೆಯದರಿಂದ ಎರಡನೆಯದಕ್ಕೆ ತಾವೇ ಬಡ್ತಿ ತೆಗೆದುಕೊಳ್ಳುತ್ತಾರೆ. ಆರತಕ್ಷತೆಯ ಊಟದ ಪಂಕ್ತಿಯಲ್ಲಿ ಕಾಲೇಜು ಹುಡುಗನೊಬ್ಬ ಉಪಾಯ ಸೂಚಿಸಿದ: ಒನ್ ವೇಗೆ ರಿವರ್ಸ್‌ನಲ್ಲೇ ನುಗ್ಗಿದರೆ ಕಾರಿನ ಮೂತಿ ಸರಿಯಾದ ದಿಕ್ಕಿಗೇ ಇರುತ್ತದಲ್ಲ! ಚಿಕ್ಕಪ್ಪ ಹೋಳಿಗೆ ಕೆಳಗಿಟ್ಟು ಯೋಚಿಸಿದರು. ಆದರೆ 1989ರ ರಸ್ತೆ ನಿಯಮಗಳನ್ನು ಬರೆದವರು ಈ ಹುಡುಗನ ಅಪ್ಪಂದಿರನ್ನು ಕಂಡವರು. ಒನ್ ವೇ ರಸ್ತೆಗೆ ಹಿಮ್ಮುಖವಾಗಿಯೂ ವಾಹನ ನುಗ್ಗಿಸಬಾರದೆಂದು ಆಗಲೇ ಬೇರೆಯಾಗಿ ಬರೆದಿಟ್ಟಿದ್ದರು.

ಆ ಬೀದಿಯಲ್ಲೊಂದು ಕ್ಯಾಮೆರಾ ಇತ್ತೆಂಬುದು ನಮಗೆ ಗೊತ್ತಾದದ್ದು ಚಿಕ್ಕಪ್ಪನ ಫೋನಿಗೆ ಮೆಸೇಜು ಬಂದ ಮೇಲೆ. ದಂಡ 500. ಅವರು ಕೊಬ್ಬರಿ ವ್ಯಾಪಾರಿ. ರೇಟು ಇಳಿಯುವವರೆಗೆ ಕಾಯಬಲ್ಲವರು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಎಂದು ಸರ್ಕಾರ ಘೋಷಿಸಿದಾಗ ರಾಜ್ಯದ ಜನ ಹಬ್ಬದ ಮಾರಾಟಕ್ಕೆ ನಿಲ್ಲುವ ಹಾಗೆ ಸಾಲು ನಿಂತರು. ಚಿಕ್ಕಪ್ಪ ತಿಪಟೂರಿನಲ್ಲೇ ಕೂತು 250 ಕಟ್ಟಿ, ಉಳಿದ 250 ಲಾಭವೆಂದು ಎಲ್ಲರಿಗೂ ಫೋನ್ ಮಾಡಿ ಹೇಳಿದರು. ಚಿಕ್ಕಮ್ಮ ಅವರ ಕೈಯಿಂದ ಫೋನ್ ಕಿತ್ತುಕೊಂಡು ನನ್ನನ್ನು ಕೇಳಿದ್ದು ಒಂದೇ: ‘ಆ ಕ್ಯಾಮೆರಾದ ಫೋಟೊ ತೆಗೆಸಿಕೊಡಕ್ಕಾಗುತ್ತೇನೋ? ಆವತ್ತು ಆ ಸೀರೆಯಲ್ಲಿ ಬೇರೆ ಯಾರೂ ನಂದೊಂದು ಫೋಟೊ ತೆಗೀಲಿಲ್ಲ.’