ನಾಲ್ವಡಿ ಜಾಗರಣೆ

ಸನ್ನಿವೇಲಿನಲ್ಲಿ ಮಗಳಿಗೆ ಅವಳಿ ಗಂಡುಮಕ್ಕಳು ಹುಟ್ಟಿದ ದಿನ ಅಳಿಯ ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿ, ಕೆಳಗೆ ಹೀಗೆ ಬರೆದ: "ತಾಯಿ ಕ್ಷೇಮ, ಮಕ್ಕಳಿಬ್ಬರೂ ಕ್ಷೇಮ. ಇನ್ನು ಮುಂದೆ ಇಮ್ಮಡಿ ನಿದ್ದೆಗೇಡು." ಹೊಗಳಿಕೆಯ ಸುರಿಮಳೆಯಾಯಿತು. ಹುಬ್ಬಳ್ಳಿಯ ಷಡ್ಡಕರು ಪುಲಿಕೇಶಿಯ ಚಿತ್ರ ಕಳಿಸಿದರು. ನಾನು ಮೈಸೂರಿನವನು, ಅದರಲ್ಲೂ ಬ್ಯಾಂಕಿನಲ್ಲಿ ಲೆಡ್ಜರು ನೋಡಿ ನಿವೃತ್ತನಾದವನು. ವಿಜಯನಗರ ಎರಡನೇ ಹಂತದ ಜಗಲಿಯಲ್ಲಿ ಕೂತು ಕಾಗದದ ಮೇಲೆ ಲೆಕ್ಕ ಹಾಕಿ ತಿದ್ದುಪಡಿ ಕಳಿಸಿದೆ: "ಇಮ್ಮಡಿ ಅಲ್ಲಪ್ಪ, ನಾಲ್ವಡಿ."

ಒಡೆಯರ ಮೇಲಿನ ಅಭಿಮಾನಕ್ಕೆ ಹೇಳಿದ್ದಲ್ಲ. ಲೆಕ್ಕ ನೋಡಿ. ಹಸುಗೂಸಿಗೆ ಸುಮಾರು ಮೂರು ಗಂಟೆಗೊಮ್ಮೆ ಹಾಲು. ಕುಡಿಸುವುದು, ತೇಗಿಸುವುದು, ಡೈಪರ್ ಬದಲಿಸುವುದು, ತಟ್ಟಿ ಮಲಗಿಸುವುದು ಎಲ್ಲ ಸೇರಿ ಮುಕ್ಕಾಲು ಗಂಟೆ ಅನ್ನಿ. ಒಂದೇ ಮಗುವಾದರೆ ಮುಂದಿನ ಸರದಿಗೆ ಎರಡೂಕಾಲು ಗಂಟೆ ಉಳಿಯಿತು. ದೊಡ್ಡವರಿಗೆ ನಿದ್ದೆ ಹತ್ತಲು ಕಾಲು ಗಂಟೆ ಕಳೆದರೆ ಎರಡು ಗಂಟೆ ಸಲೀಸಾಗಿ ಮಲಗಬಹುದು. ಈಗ ಇಬ್ಬರನ್ನು ತನ್ನಿ. ಒಬ್ಬ ಹನ್ನೆರಡಕ್ಕೆ ಏಳುತ್ತಾನೆ, ಇನ್ನೊಬ್ಬ ಒಂದೂವರೆಗೆ. ಹನ್ನೆರಡೂ ಮುಕ್ಕಾಲಿಗೆ ದೊಡ್ಡವನು ಮಲಗಿದರೆ ಚಿಕ್ಕವನು ಏಳುವುದಕ್ಕೆ ಇರುವುದು ಮುಕ್ಕಾಲೇ ಗಂಟೆ. ಅದರಲ್ಲೂ ಕಾಲು ಗಂಟೆ ಹೊರಳಾಟಕ್ಕೆ ಹೋಯಿತು. ಉಳಿದದ್ದು ಅರ್ಧ ಗಂಟೆ. ಕೆಲಸ ಎರಡು ಪಟ್ಟಾಯಿತು ನಿಜ. ಆದರೆ ಎರಡು ಗಂಟೆಯ ನಿದ್ದೆ ಅರ್ಧ ಗಂಟೆಗೆ ಇಳಿಯಿತು, ಅಂದರೆ ನಾಲ್ಕನೇ ಒಂದು ಪಾಲು. ಅರ್ಧ ಗಂಟೆಯದನ್ನು ನಮ್ಮ ಕಡೆ ನಿದ್ದೆ ಅನ್ನುವುದಿಲ್ಲ, ತೂಕಡಿಕೆ ಅನ್ನುತ್ತಾರೆ. "ಮಾವ, ನೀವು ಹೇಳಿದ್ದು ಸರಿ" ಅಂತ ಅಳಿಯ ಉತ್ತರ ಬರೆದದ್ದು ಅಲ್ಲಿಯ ಬೆಳಗಿನ ಜಾವ ನಾಲ್ಕಕ್ಕೆ.

ಪರಿಹಾರ ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟಿದ್ದರು. ಒಬ್ಬ ಎದ್ದ ಕೂಡಲೇ ಇನ್ನೊಬ್ಬನನ್ನೂ ಎಬ್ಬಿಸಿಬಿಡಿ, ಇಬ್ಬರಿಗೂ ಒಟ್ಟಿಗೆ ಹಾಲು ಕೊಡಿ ಅಂತ. ಇದಕ್ಕೆ ಅಡ್ಡ ನಿಂತವಳು ಬಾಣಂತನಕ್ಕೆಂದು ಹೋಗಿದ್ದ ನಮ್ಮಾಕೆ. "ಮಲಗಿರೋ ಕೂಸನ್ನ ಎಬ್ಬಿಸೋದೇ? ನಮ್ಮ ವಂಶದಲ್ಲೇ ಇಲ್ಲ" ಅಂದಳು. ನಮ್ಮ ವಂಶದಲ್ಲಿ ಅವಳಿಯೂ ಇರಲಿಲ್ಲ ಎಂಬುದನ್ನು ಅವಳಿಗೆ ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟುತ್ತಾರೆ, ನಮ್ಮವೂ ಹಾಗೇ. ಇಂಥ ಕೂಸುಗಳು ಹಸಿವಾದರೂ ಅಳದೆ ಮಲಗಿಬಿಡುತ್ತವೆ. ಹುಟ್ಟಿದಾಗಿನ ತೂಕ ಮರಳಿ ಬರುವ ತನಕ, ಅಂದರೆ ಸುಮಾರು ಎರಡು ವಾರ, ಮೂರು ಗಂಟೆ ಮೀರದಂತೆ ಎಬ್ಬಿಸಿ ಕುಡಿಸಲೇಬೇಕು ಅಂತ ಡಾಕ್ಟರೇ ಹೇಳಿದ ಮೇಲೆ ವಂಶದ ಮಾತು ಹಿಂದೆ ಸರಿಯಿತು. ಮಗಳು ಸೊಂಟದ ಸುತ್ತ ಅರ್ಧಚಂದ್ರದ ದಿಂಬು ಕಟ್ಟಿಕೊಂಡು ಎರಡು ಕಡೆ ಇಬ್ಬರನ್ನು ಹಿಡಿಯುತ್ತಾಳೆ. ಆಮೇಲೆ ಅಳಿಯನ ಹೆಗಲ ಮೇಲೊಬ್ಬ, ಅಜ್ಜಿಯ ಹೆಗಲ ಮೇಲೊಬ್ಬ. ಒಂದು ಗಂಟೆಯಲ್ಲಿ ಎಲ್ಲ ಮುಗಿದು ಎರಡು ಗಂಟೆ ಬಿಡುವು. ಚಿಕ್ಕವನು ಮಾತ್ರ ನಿಧಾನಿ. ಕುಡಿಯುತ್ತಲೇ ಬಾಯಿ ತೆರೆದು ನಿದ್ದೆ ಹೋಗುತ್ತಾನೆ. ಅಂಗಾಲು ಕೆರೆದು ಎಬ್ಬಿಸಬೇಕು. ಅವನು ಹಟ ಹಿಡಿದ ದಿನ ಈ ಲೆಕ್ಕವೆಲ್ಲ ನೀರುಪಾಲು.

ಇಬ್ಬರನ್ನೂ ಒಂದೇ ಕ್ಷಣಕ್ಕೆ ಎಬ್ಬಿಸುವ ಖಚಿತ ವಿದ್ಯೆ ಸಿಕ್ಕಿದ್ದು ನಮ್ಮಾಕೆಗೇ. ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ ಹಾಕದಿದ್ದರೆ ಹೇಗೆ ಅಂತ ವಿಜಯನಗರದಿಂದ ಹೊತ್ತೊಯ್ದ ಪೊಟ್ಟಣ ಬಿಚ್ಚಿದಳು. ಸೂರಿನಲ್ಲಿದ್ದ ಹೊಗೆ ಗಂಟೆ ಬಡಿದುಕೊಂಡ ಬಡಿತಕ್ಕೆ ಅವಳಿಗಳಲ್ಲದೆ ಮೇಲಿನ ಮನೆಯ ಚೀನೀ ಅಜ್ಜನೂ ಎದ್ದು ಬಂದರಂತೆ. ತೊಟ್ಟಿಲಿನ ವಿಷಯದಲ್ಲೂ ಅವಳಿಗೆ ಸೋಲು. "ಹೊಟ್ಟೇಲಿ ಒಟ್ಟಿಗಿದ್ದವಕ್ಕೆ ಈಗ ಬೇರೆ ಬೇರೆ ಮನೆ ಯಾಕೆ?" ಎಂಬ ಪ್ರಶ್ನೆ ಕೇಳಲು ಚೆನ್ನಾಗಿದೆ. ಆದರೆ ಅಲ್ಲಿಯ ಮಕ್ಕಳ ವೈದ್ಯರು ಅವಳಿಗಳನ್ನು ಬೇರೆ ಬೇರೆ ಹಾಸಿಗೆಯಲ್ಲಿ, ಅಂಗಾತ, ದಿಂಬು ಹೊದಿಕೆ ಇಲ್ಲದೆ ಮಲಗಿಸಿ ಅನ್ನುತ್ತಾರೆ. ಉಸಿರು ಕಟ್ಟುವ ಭಯವಿರುವ ಕಡೆ ವಾದ ಬೇಡ ಅಂತ ನಾನೂ ಇಲ್ಲಿಂದಲೇ ಅವರ ಪರ ಮತ ಹಾಕಿದೆ.

ಇಲ್ಲಿಂದಲೇ ಅಂದೆನಲ್ಲ, ನನ್ನ ಕೆಲಸ ಮನೆ ಕಾಯುವುದು ಅಂತ ಎಲ್ಲರೂ ತಿಳಿದಿದ್ದರು. ಅಲ್ಲಿಯ ರಾತ್ರಿ ಎರಡು ಗಂಟೆ ಎಂದರೆ ಬೇಸಿಗೆ ಸಮಯದಲ್ಲಿ ವಿಜಯನಗರದ ಮಧ್ಯಾಹ್ನ ಎರಡೂವರೆ. ಸಾರು ಅನ್ನ ಉಂಡು ಫ್ಯಾನಿನ ಕೆಳಗೆ ಒರಗುವ ಹೊತ್ತು. ಸರಿಯಾಗಿ ಆಗ ಫೋನು. ಯಾರು ಎಷ್ಟು ಹೊತ್ತಿಗೆ ಕುಡಿದ, ಎಷ್ಟು ಕುಡಿದ, ಡೈಪರ್ ಒದ್ದೆಯೇ ಒಣವೇ ಎಂಬುದನ್ನು ಬರೆದಿಡುವ ಗುಮಾಸ್ತಿಕೆ ನನ್ನ ಪಾಲಿಗೆ ಬಂತು, ಏಕೆಂದರೆ ಆ ಹೊತ್ತಿನಲ್ಲಿ ಮನೆತನದಲ್ಲಿ ನೆಟ್ಟಗೆ ಕಣ್ಣು ಬಿಟ್ಟಿರುವವನು ನಾನೊಬ್ಬನೇ. ಹೀಗೆ ನಿದ್ದೆ ಕೆಟ್ಟದ್ದು ಎರಡು ಖಂಡಗಳಲ್ಲಿ.

ಈ ದಫ್ತರ ಎಷ್ಟು ಮುಖ್ಯ ಅಂತ ಗೊತ್ತಾದದ್ದು ಅಳಿಯ ಒಬ್ಬನೇ ಬಾಟಲಿ ಹಿಡಿದ ಒಂದು ರಾತ್ರಿ. "ದೊಡ್ಡವನದು ಆಯ್ತು, ಚಿಕ್ಕವನದೂ ಆಯ್ತು" ಅಂತ ವರದಿ ಕೊಟ್ಟ. ನಾನೂ ಬರೆದುಕೊಂಡೆ. ಹತ್ತು ನಿಮಿಷಕ್ಕೆ ಒಬ್ಬ ಕುಡಿದದ್ದನ್ನೆಲ್ಲ ಕಕ್ಕಿದ, ಇನ್ನೊಬ್ಬ ಮುಷ್ಟಿ ಚೀಪುತ್ತಾ ಚೀರಿದ. ಒಬ್ಬನಿಗೇ ಎರಡು ಸಲ ಕುಡಿಸಿದ್ದಾಗಿತ್ತು. ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಮರುದಿನವೇ ದೊಡ್ಡವನ ಕಾಲಿನ ಹೆಬ್ಬೆರಳಿಗೆ ಕೆಂಪು ಉಗುರುಬಣ್ಣ ಬಿತ್ತು. ದಫ್ತರದಲ್ಲಿ ಅವನ ಹೆಸರು ಈಗಲೂ "ಕೆಂಪ".

ನವೆಂಬರಿನ ಮೊದಲ ಭಾನುವಾರ ಇನ್ನೊಂದು ಆಟ. ಅಂದು ರಾತ್ರಿ ಎರಡಾಗುತ್ತಿದ್ದಂತೆ ಅಮೆರಿಕದವರು ಗಡಿಯಾರವನ್ನು ಒಂದಕ್ಕೆ ತಿರುಗಿಸುತ್ತಾರೆ. ಮೊದಲೇ ಉದ್ದವಾದ ರಾತ್ರಿಗೆ ಒಂದು ಗಂಟೆ ಸೇರಿಸುವ ಯೋಚನೆ ಎಳೆಮಕ್ಕಳಿಲ್ಲದ ಪುಣ್ಯಾತ್ಮರದೇ ಇರಬೇಕು. ಅಲ್ಲಿಯ ಗಡಿಯಾರದಲ್ಲಿ ಒಂದೂವರೆ ಎರಡು ಸಲ ಬಂತು. 2016ರಲ್ಲಿ ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನಲ್ಲಿ ಇದೇ ರಾತ್ರಿ ಅವಳಿಗಳು ಹುಟ್ಟಿದವು. ಮೊದಲನೆಯದು 1:39ಕ್ಕೆ, ಎರಡನೆಯದು ಅದಾದ 31 ನಿಮಿಷಕ್ಕೆ, ಗಡಿಯಾರದ ಪ್ರಕಾರ 1:10ಕ್ಕೆ! ಕೇಳಿದ ನಮ್ಮಾಕೆ ತಲೆಯ ಮೇಲೆ ಕೈ ಹೊತ್ತು, "ರೀ, ಜಾತಕ ಬರೆಯೋರು ಏನು ಮಾಡಿರಬೇಕು?" ಅಂದಳು. ನಮ್ಮ ದಫ್ತರಕ್ಕೆ ಆ ತೊಂದರೆ ಇಲ್ಲ. ಅದು ನಡೆಯುವುದು ವಿಜಯನಗರದ ಗೋಡೆ ಗಡಿಯಾರದ ಮೇಲೆ, ಅದನ್ನು ಯಾರೂ ತಿರುಗಿಸುವುದಿಲ್ಲ. ಆ ಭಾನುವಾರದಿಂದ ಅಲ್ಲಿಯ ಎರಡು ಗಂಟೆ ಇಲ್ಲಿಯ ಮೂರೂವರೆಯಾಯಿತು. ನನ್ನ ಮಧ್ಯಾಹ್ನದ ನಿದ್ದೆಗೆ ಒಂದು ಗಂಟೆ ವಾಪಸು ಸಿಕ್ಕಿದೆ. ಅಮೆರಿಕ ಸರ್ಕಾರ ನನಗೆ ವೈಯಕ್ತಿಕವಾಗಿ ಮಾಡಿದ ಉಪಕಾರ ಅದೊಂದೇ.

ಈಗ ಬಂಧುಗಳಲ್ಲಿ ಒಂದು ಅರಿಕೆ. ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಸಿಕ್ಕವರೆಲ್ಲ ಅವಳಿಗಳಿಗೆ ಉಡುಗೊರೆ ಏನು ಕಳಿಸಲಿ ಅಂತ ಕೇಳುತ್ತಿದ್ದೀರಿ. ಒಂದೇ ಬಣ್ಣದ ಜೋಡಿ ಅಂಗಿ ಖಂಡಿತ ಬೇಡ, ಯಾರಿಗೆ ಕುಡಿಸಿದ್ದು ಅಂತ ಮತ್ತೆ ಗೊಂದಲವಾಗುತ್ತದೆ. ಕೆಂಪನಿಗೆ ಕೆಂಪು, ಚಿಕ್ಕವನಿಗೆ ಬೇರೆ ಯಾವುದಾದರೂ ಬಣ್ಣ ಕೊಡಿ. ಅಳತೆ ಆರು ತಿಂಗಳಿನದಿರಲಿ. ಮಗಳ ಜೊತೆ ಮಾತಾಡಬೇಕಾದರೆ ನಮ್ಮ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಏಳರವರೆಗೆ ಫೋನ್ ಮಾಡಬೇಡಿ. ನನಗೂ ಮಾಡಬೇಡಿ.